ಚಿನ್ನದ ಬೆಲೆ ಅಲುಗಾಡುವ ಹೊತ್ತು

ಚಿನ್ನಕ್ಕೆ ಒಂದೇ ಊರಿನ ಪೇಟೆ ಇಲ್ಲ. ಭಾರತೀಯ ಕಾಲಮಾನದಲ್ಲಿ ಸೋಮವಾರ ಬೆಳಗಿನ ಜಾವ ಶುರುವಾಗುವ ವಹಿವಾಟು ಶನಿವಾರದ ಬೆಳಗಿನ ಜಾವದವರೆಗೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದಾಟುತ್ತಾ ನಡೆಯುತ್ತದೆ. ನ್ಯೂಯಾರ್ಕಿನ ಕಾಮೆಕ್ಸ್ ವಿನಿಮಯ ಕೇಂದ್ರದ ಎಲೆಕ್ಟ್ರಾನಿಕ್ ವಹಿವಾಟಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಬಿಡುವು. ಅಲ್ಲಿನ ಗಡಿಯಾರದಲ್ಲಿ ಅದು ಸಂಜೆ ಐದರಿಂದ ಆರು. ಉಳಿದ 23 ಗಂಟೆಯೂ ಯಾರೋ ಒಬ್ಬರು ಕೊಳ್ಳುತ್ತಿರುತ್ತಾರೆ, ಮತ್ತೊಬ್ಬರು ಮಾರುತ್ತಿರುತ್ತಾರೆ. ಆದರೆ ಈ ಎಲ್ಲ ಗಂಟೆಗಳಿಗೂ ಒಂದೇ ತೂಕ ಇಲ್ಲ. ಕೆಲವು ಗಂಟೆಗಳಲ್ಲಿ ಬೆಲೆ ಒಂದೆರಡು ಡಾಲರ್ ಅತ್ತಿತ್ತ ಸರಿದು ಸುಮ್ಮನಾಗುತ್ತದೆ. ಇನ್ನು ಕೆಲವು ಗಂಟೆಗಳಲ್ಲಿ ಇಡೀ ದಿನದ ಏರಿಳಿತದ ಬಹುಪಾಲು ಮುಗಿದುಹೋಗುತ್ತದೆ. ಆ ಗಂಟೆಗಳು ಕರ್ನಾಟಕದ ಗಡಿಯಾರದಲ್ಲಿ ಸಂಜೆ ಸುಮಾರು ಆರರಿಂದ ರಾತ್ರಿ ಒಂಬತ್ತೂವರೆಯವರೆಗೆ ಬರುತ್ತವೆ. ಚಳಿಗಾಲದಲ್ಲಿ ಇದೇ ಅವಧಿ ಒಂದು ಗಂಟೆ ತಡವಾಗುತ್ತದೆ.

ಹೀಗೇಕೆ ಎಂಬುದು ತಿಳಿಯಬೇಕಾದರೆ ದಿನವನ್ನು ಪೂರ್ವದಿಂದಲೇ ಹಿಂಬಾಲಿಸಬೇಕು. ಮೊದಲು ಬಾಗಿಲು ತೆರೆಯುವ ದೊಡ್ಡ ಪೇಟೆ ಜಪಾನಿನದು. ಆಗ ಇಲ್ಲಿ ಇನ್ನೂ ಬೆಳಗಿನ ಐದು ಗಂಟೆಯ ಆಸುಪಾಸು. ನಿಜವಾದ ಚಟುವಟಿಕೆ ಕಾಣುವುದು ನಮ್ಮ ಆರೂವರೆಗೆ. ಆಗ ಚೀನಾದಲ್ಲಿ ಒಂಬತ್ತು ಗಂಟೆ, ಶಾಂಘೈನ ವಿನಿಮಯ ಕೇಂದ್ರಗಳು ಕೆಲಸ ಆರಂಭಿಸುವ ಹೊತ್ತು. ಶಾಂಘೈ ಚಿನ್ನ ವಿನಿಮಯ ಕೇಂದ್ರ 2016ರ ಏಪ್ರಿಲ್‌ನಿಂದ ಯುವಾನ್ ಲೆಕ್ಕದಲ್ಲಿ ದಿನಕ್ಕೆ ಎರಡು ಬಾರಿ ಹರಾಜು ನಡೆಸಿ ಆಧಾರ ಬೆಲೆ ಪ್ರಕಟಿಸುತ್ತಿದೆ. ಇಲ್ಲಿನ ಸಮಯದಲ್ಲಿ ಒಂದು ಬೆಳಗಿನ 7.45ಕ್ಕೆ, ಇನ್ನೊಂದು 11.45ಕ್ಕೆ. ಏಷ್ಯಾದ ಈ ಹೊತ್ತಿನಲ್ಲಿ ಆಭರಣ ತಯಾರಕರು, ಗಟ್ಟಿ ಕೊಳ್ಳುವವರು, ಬ್ಯಾಂಕುಗಳು ಎಲ್ಲ ಇರುತ್ತಾರೆ. ಆದರೂ ಸಾಮಾನ್ಯ ದಿನಗಳಲ್ಲಿ ಬೆಲೆ ಹೆಚ್ಚು ದೂರ ಹೋಗುವುದಿಲ್ಲ. ಚಿನ್ನದ ಬೆಲೆಯನ್ನು ಎಳೆದಾಡುವುದು ಮುಖ್ಯವಾಗಿ ಡಾಲರ್ ಮತ್ತು ಅಮೆರಿಕದ ಬಡ್ಡಿದರ. ಆ ಎರಡರ ಬಗ್ಗೆ ಹೊಸ ಸುದ್ದಿ ಹುಟ್ಟಬೇಕಾದ ಊರು ಆಗ ನಿದ್ದೆಯಲ್ಲಿರುತ್ತದೆ.

ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಲಂಡನ್ ಎಚ್ಚರಗೊಳ್ಳುತ್ತದೆ. ಅಲ್ಲಿನದು ಶಾಂಘೈಯಂತೆ ವಿನಿಮಯ ಕೇಂದ್ರವಲ್ಲ. ದೊಡ್ಡ ಬ್ಯಾಂಕುಗಳು, ಗಟ್ಟಿ ವ್ಯಾಪಾರಿಗಳು, ಸಂಸ್ಕರಣಾಗಾರಗಳು ಪರಸ್ಪರ ನೇರವಾಗಿ ಬೆಲೆ ಕೇಳಿ ವ್ಯವಹರಿಸುವ ಪೇಟೆ ಅದು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಇತರ ಕೆಲವು ಸಂಸ್ಥೆಗಳ ನೆಲಮಾಳಿಗೆಗಳಲ್ಲಿ ತಲಾ ಸುಮಾರು ಹನ್ನೆರಡೂವರೆ ಕಿಲೋ ತೂಗುವ ಗಟ್ಟಿಗಳು ಇರುತ್ತವೆ. ವ್ಯವಹಾರದಲ್ಲಿ ಅವು ಜಾಗ ಬಿಟ್ಟು ಕದಲುವುದು ಅಪರೂಪ. ಖಾತೆಗಳಲ್ಲಿ ಹೆಸರು ಮಾತ್ರ ಬದಲಾಗುತ್ತದೆ. ಲಂಡನ್ ತೆರೆದ ಮೊದಲ ಗಂಟೆಯಲ್ಲಿ ಬೆಲೆಯ ಚಲನೆ ಕೊಂಚ ಹೆಚ್ಚುತ್ತದೆ, ಅಲ್ಲಿನ ಬೆಳಗಿನ 10.30ಕ್ಕೆ ಮೊದಲ ಹರಾಜು ನಡೆಯುತ್ತದೆ, ಆಮೇಲೆ ಪೇಟೆ ಮತ್ತೆ ನಿಧಾನವಾಗುತ್ತದೆ. ಅಮೆರಿಕ ಏಳುವುದನ್ನು ಎಲ್ಲರೂ ಕಾಯುತ್ತಿರುತ್ತಾರೆ.

ನ್ಯೂಯಾರ್ಕಿನಲ್ಲಿ ಚಿನ್ನದ ವಾಯಿದೆ ವಹಿವಾಟು, ಅಂದರೆ ಫ್ಯೂಚರ್ಸ್, ಕಾಮೆಕ್ಸ್‌ನಲ್ಲಿ ಆರಂಭವಾದದ್ದು 1974ರ ಡಿಸೆಂಬರ್ 31ರಂದು. ಅಮೆರಿಕದ ನಾಗರಿಕರು ನಾಲ್ಕು ದಶಕಗಳ ನಿಷೇಧದ ನಂತರ ಚಿನ್ನದ ಗಟ್ಟಿ ಇಟ್ಟುಕೊಳ್ಳುವ ಹಕ್ಕನ್ನು ಮರಳಿ ಪಡೆದ ದಿನವೂ ಅದೇ. ಅಲ್ಲಿನ ಮುಖ್ಯ ಒಪ್ಪಂದ 100 ಟ್ರಾಯ್ ಔನ್ಸಿನದು, ಅಂದರೆ ಮೂರು ಕಿಲೋಗಿಂತ ತುಸು ಹೆಚ್ಚು ಚಿನ್ನ. ವ್ಯಾಪಾರಿಗಳು ಒಂದೇ ಅಂಗಣದಲ್ಲಿ ನಿಂತು ಕೂಗಿ ವ್ಯವಹರಿಸುತ್ತಿದ್ದ ಕಾಲದಲ್ಲಿ ಕಾಮೆಕ್ಸ್‌ನ ಚಿನ್ನದ ಅಂಗಣ ಬೆಳಗಿನ 8.20ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತಿತ್ತು. ಆ ಅಂಗಣ ಈಗಿಲ್ಲ, ಕೂಗುವವರೂ ಇಲ್ಲ. ಆದರೆ ಆ ಎರಡು ಹೊತ್ತುಗಳ ಗುರುತು ಇಂದಿಗೂ ವಹಿವಾಟಿನ ಪ್ರಮಾಣದಲ್ಲಿ ಕಾಣುತ್ತದೆ. 8.20 ದಾಟುತ್ತಿದ್ದಂತೆ ವಹಿವಾಟು ಎದ್ದು ಕಾಣುವಂತೆ ಏರುತ್ತದೆ. ದಿನದ ಲೆಕ್ಕ ಮುಗಿಸುವ ಬೆಲೆಯನ್ನು 1.30ರ ಹೊತ್ತಿಗೆ ನಿರ್ಧರಿಸಿದ ಮೇಲೆ ಅದು ಇಳಿಯುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಇಲ್ಲಿಗೆ ಈ ಎರಡು ಹೊತ್ತು ಸಂಜೆ 5.50 ಮತ್ತು ರಾತ್ರಿ 11.

ನ್ಯೂಯಾರ್ಕಿನ ಬೆಳಗು ಲಂಡನ್ನಿನ ಮಧ್ಯಾಹ್ನವೂ ಆಗಿರುವುದೇ ಇಲ್ಲಿ ಮುಖ್ಯ ಸಂಗತಿ. ಸುಮಾರು ಮೂರೂವರೆ ಗಂಟೆ ಕಾಲ ವಾಯಿದೆ ಪೇಟೆಯ ದೊಡ್ಡ ಹಣವೂ ನಗದು ಪೇಟೆಯ ದೊಡ್ಡ ದಾಸ್ತಾನೂ ಎದುರುಬದುರು ಇರುತ್ತವೆ. ಚೀನಾ ಕೂಡ ಇದಕ್ಕೆ ತನ್ನ ಗಡಿಯಾರವನ್ನು ಹೊಂದಿಸಿಕೊಂಡಿದೆ. ಶಾಂಘೈ ಫ್ಯೂಚರ್ಸ್ ವಿನಿಮಯ ಕೇಂದ್ರ 2013ರ ಜುಲೈನಲ್ಲಿ ಚಿನ್ನಕ್ಕೆ ರಾತ್ರಿ ಪಾಳಿ ಆರಂಭಿಸಿತು. ಅಲ್ಲಿನ ರಾತ್ರಿ ಒಂಬತ್ತರಿಂದ ಎರಡೂವರೆವರೆಗಿನ ಆ ಪಾಳಿ ಇಲ್ಲಿಗೆ ಸಂಜೆ ಆರೂವರೆಯಿಂದ ನಡುರಾತ್ರಿ. ಮುಂಬೈನ ಎಂಸಿಎಕ್ಸ್ ಬೆಳಗಿನ ಒಂಬತ್ತಕ್ಕೆ ತೆರೆದು ರಾತ್ರಿ 11.30ರವರೆಗೆ, ಅಮೆರಿಕದ ಚಳಿಗಾಲದಲ್ಲಿ 11.55ರವರೆಗೆ ನಡೆಯುವುದಕ್ಕೂ ಕಾರಣ ಇದೇ. ಸಂಜೆ ಐದಕ್ಕೆ ಮುಚ್ಚಿಬಿಟ್ಟರೆ ದಿನದ ನಿಜವಾದ ಬೆಲೆ ನಿರ್ಧಾರವಾಗುವ ಹೊತ್ತಿಗೆ ಭಾರತದ ವ್ಯಾಪಾರಿಯ ಕೈ ಕಟ್ಟಿದಂತಾಗುತ್ತಿತ್ತು.

ಈ ಮೂರೂವರೆ ಗಂಟೆಯೊಳಗೂ ಎರಡು ಕ್ಷಣಗಳು ಬೇರೆಯೇ. ಮೊದಲನೆಯದು ನ್ಯೂಯಾರ್ಕಿನ ಬೆಳಗಿನ 8.30. ಅಮೆರಿಕದ ಉದ್ಯೋಗ ವರದಿ, ಗ್ರಾಹಕ ಬೆಲೆ ಸೂಚ್ಯಂಕ, ಚಿಲ್ಲರೆ ಮಾರಾಟದ ಅಂಕಿಗಳೆಲ್ಲ ಹೊರಬೀಳುವುದು ಆ ನಿಮಿಷಕ್ಕೆ. ಬೇಸಿಗೆಯಲ್ಲಿ ಇಲ್ಲಿ ಸರಿಯಾಗಿ ಸಂಜೆ ಆರು, ಚಳಿಗಾಲದಲ್ಲಿ ಏಳು. ಚಿನ್ನ ಬಡ್ಡಿ ತರುವುದಿಲ್ಲ. ಹಣದುಬ್ಬರ ಕಳೆದು ಉಳಿಯುವ ಬಡ್ಡಿ ಏರುವ ಸೂಚನೆ ಸಿಕ್ಕರೆ ಹಣ ಸಾಲಪತ್ರಗಳ ಕಡೆ ಹೊರಳುತ್ತದೆ, ಚಿನ್ನ ಇಳಿಯುತ್ತದೆ. ಬಡ್ಡಿ ಇಳಿಯುವ ಸೂಚನೆ ಸಿಕ್ಕರೆ ಇದರ ತಿರುವುಮುರುವು. ಅಂಕಿ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ ಅದು ಪೇಟೆಯ ನಿರೀಕ್ಷೆಯಿಂದ ಎಷ್ಟು ದೂರ ಬಿತ್ತು ಎಂಬುದು ಮುಖ್ಯ. ನಿರೀಕ್ಷೆಗೆ ಸರಿಹೊಂದುವ ಅಂಕಿ ಬಂದರೆ ಬೆಲೆ ಒಂದೆರಡು ನಿಮಿಷ ನಡುಗಿ ಸುಮ್ಮನಾಗುತ್ತದೆ. ದೂರ ಬಿದ್ದರೆ ಮೊದಲ ಕೆಲವು ಸೆಕೆಂಡುಗಳಲ್ಲೇ ಜಿಗಿಯುತ್ತದೆ. ಆ ಸೆಕೆಂಡುಗಳಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ ಹಿಗ್ಗುವುದರಿಂದ, ಪರದೆಯ ಮೇಲೆ ಕಂಡ ಬೆಲೆಗೆ ವ್ಯವಹಾರ ಕುದುರುವುದಿಲ್ಲ. ಸುದ್ದಿಯ ನಿಮಿಷದಲ್ಲಿ ಕೈಹಾಕುವ ಸಣ್ಣ ಹೂಡಿಕೆದಾರರು ಹಣ ಕಳೆದುಕೊಳ್ಳುವುದು ಬಹುತೇಕ ಇಲ್ಲೇ. ದಿಕ್ಕನ್ನು ಸರಿಯಾಗಿ ಊಹಿಸಿದ್ದರೂ ಬೆಲೆ ಕೆಟ್ಟದ್ದು ಸಿಕ್ಕಿರುತ್ತದೆ.

ಎರಡನೆಯ ಕ್ಷಣ ಲಂಡನ್ನಿನ ಮಧ್ಯಾಹ್ನ ಮೂರು ಗಂಟೆ, ನ್ಯೂಯಾರ್ಕಿನ ಬೆಳಗಿನ ಹತ್ತು, ಬೇಸಿಗೆಯಲ್ಲಿ ಇಲ್ಲಿನ ಸಂಜೆ ಏಳೂವರೆ. ಲಂಡನ್ನಿನ ಎರಡನೆಯ ಹರಾಜು ಆಗ ಆರಂಭವಾಗುತ್ತದೆ. ಈ ಪದ್ಧತಿಗೆ ನೂರು ವರ್ಷ ದಾಟಿದೆ. 1919ರ ಸೆಪ್ಟೆಂಬರ್ 12ರಂದು ಮೊದಲ ಬಾರಿ ಅಲ್ಲಿನ ಐದು ಗಟ್ಟಿ ವ್ಯಾಪಾರಿ ಸಂಸ್ಥೆಗಳು ಒಂದು ಬೆಲೆಗೆ ಬಂದವು. ಮುಂದೆ ದಶಕಗಳ ಕಾಲ ಅವರ ಪ್ರತಿನಿಧಿಗಳು ರಾಥ್‌ಚೈಲ್ಡ್ ಕಚೇರಿಯ ಒಂದು ಕೋಣೆಯಲ್ಲಿ ದಿನವೂ ಸೇರುತ್ತಿದ್ದರು. ತನ್ನ ಕಕ್ಷಿದಾರರೊಡನೆ ಫೋನಿನಲ್ಲಿ ಮಾತಾಡಲು ಸಮಯ ಬೇಕಾದವರು ಮೇಜಿನ ಮೇಲಿನ ಪುಟ್ಟ ಬಾವುಟ ಎತ್ತಿದರೆ ಸಾಕು, ಕಲಾಪ ನಿಲ್ಲುತ್ತಿತ್ತು. ಮಧ್ಯಾಹ್ನದ ಮೂರರ ಹರಾಜು ಸೇರಿದ್ದು 1968ರಲ್ಲಿ, ಅಮೆರಿಕದ ವ್ಯಾಪಾರಿಗಳಿಗೆ ಅನುಕೂಲವಾಗಲೆಂದು. 2015ರ ಮಾರ್ಚ್‌ನಿಂದ ಇದು ಪೂರ್ತಿ ಎಲೆಕ್ಟ್ರಾನಿಕ್. ಒಂದು ಬೆಲೆ ಘೋಷಣೆಯಾಗುತ್ತದೆ, ಆ ಬೆಲೆಗೆ ಎಷ್ಟು ಔನ್ಸ್ ಕೊಳ್ಳುವುದಿದೆ, ಎಷ್ಟು ಮಾರುವುದಿದೆ ಎಂದು ಪಾಲ್ಗೊಳ್ಳುವವರು ಮೂವತ್ತು ಸೆಕೆಂಡಿನೊಳಗೆ ದಾಖಲಿಸುತ್ತಾರೆ. ಎರಡರ ನಡುವಿನ ವ್ಯತ್ಯಾಸ ನಿಗದಿತ ಮಿತಿಯೊಳಗೆ, ಸಾಮಾನ್ಯವಾಗಿ 10,000 ಔನ್ಸಿನೊಳಗೆ ಬಂದರೆ ಹರಾಜು ಮುಗಿಯಿತು. ಬರದಿದ್ದರೆ ಬೆಲೆ ಏರಿಸಿಯೋ ಇಳಿಸಿಯೋ ಮತ್ತೊಂದು ಸುತ್ತು.

ಗಣಿ ಕಂಪನಿಗಳು, ಆಭರಣ ಉದ್ಯಮ, ಚಿನ್ನದ ನಿಧಿಗಳು ತಮ್ಮ ದೊಡ್ಡ ಒಪ್ಪಂದಗಳನ್ನು ಈ ಬೆಲೆಗೆ ಕಟ್ಟಿರುತ್ತವೆ. ಹಾಗಾಗಿ ಎಷ್ಟೋ ವ್ಯವಹಾರ ಆ ಕೆಲವು ನಿಮಿಷಗಳಿಗೆಂದೇ ಕಾದಿಟ್ಟಿರುತ್ತದೆ, ಸುತ್ತಲಿನ ಹತ್ತು ಹದಿನೈದು ನಿಮಿಷ ವಾಯಿದೆ ಪೇಟೆಯೂ ಚುರುಕಾಗುತ್ತದೆ. ಈ ನಿಮಿಷಗಳಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಹಳೆಯ ಪದ್ಧತಿಯ ಕಾಲದ ಒಂದು ಪ್ರಕರಣ ಸಾಕ್ಷಿ. 2012ರ ಜೂನ್ 28ರ ಮಧ್ಯಾಹ್ನದ ಕಲಾಪದಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಒಬ್ಬ ವ್ಯಾಪಾರಿ ಬೆಲೆ ಒಂದು ಗೊತ್ತಾದ ಮಟ್ಟಕ್ಕಿಂತ ಕೆಳಗೆ ನಿಲ್ಲುವಂತೆ ಆದೇಶಗಳನ್ನು ಹಾಕಿದ. ಬೆಲೆ ಆ ಮಟ್ಟ ದಾಟಿದ್ದರೆ ಬ್ಯಾಂಕು ಒಬ್ಬ ಗ್ರಾಹಕರಿಗೆ 39 ಲಕ್ಷ ಡಾಲರ್ ಕೊಡಬೇಕಾಗುತ್ತಿತ್ತು. 2014ರಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಬ್ಯಾಂಕಿಗೆ ಸುಮಾರು 2 ಕೋಟಿ 60 ಲಕ್ಷ ಪೌಂಡ್ ದಂಡ ಹಾಕಿತು. ಈಗಿನ ಎಲೆಕ್ಟ್ರಾನಿಕ್ ಹರಾಜು ಬಂದದ್ದು ಅದರ ಮರುವರ್ಷ.

ಲಂಡನ್ ಮುಚ್ಚಿದ ಮೇಲೆ ನ್ಯೂಯಾರ್ಕ್ ಒಂದೇ ಉಳಿಯುತ್ತದೆ, ಚಲನೆ ಕುಗ್ಗುತ್ತದೆ. ಇದಕ್ಕೆ ದೊಡ್ಡ ಅಪವಾದ ಫೆಡರಲ್ ರಿಸರ್ವ್ ಬಡ್ಡಿದರ ಪ್ರಕಟಿಸುವ ದಿನ. ವರ್ಷಕ್ಕೆ ಎಂಟು ಬಾರಿ ಅಲ್ಲಿನ ಮಧ್ಯಾಹ್ನ ಎರಡಕ್ಕೆ ಹೇಳಿಕೆ ಬರುತ್ತದೆ, ಎರಡೂವರೆಗೆ ಅಧ್ಯಕ್ಷರ ಪತ್ರಿಕಾಗೋಷ್ಠಿ. ಭಾರತದವರಿಗೆ ಇದು ಅತ್ಯಂತ ಕೆಟ್ಟ ಸಮಯ. ಬೇಸಿಗೆಯಲ್ಲಿ ಹೇಳಿಕೆ ಹೊರಬೀಳುವುದು ರಾತ್ರಿ 11.30ಕ್ಕೆ, ಎಂಸಿಎಕ್ಸ್ ಮುಚ್ಚುವುದೂ ಅದೇ 11.30ಕ್ಕೆ. ಚಳಿಗಾಲದಲ್ಲಿ ಪೇಟೆ 11.55ಕ್ಕೆ ಮುಚ್ಚಿದರೆ ಹೇಳಿಕೆ ಬರುವುದು 12.30ಕ್ಕೆ. ಆ ರಾತ್ರಿ ನಡೆಯುವ ಏರಿಳಿತವೆಲ್ಲ ಮರುದಿನ ಬೆಳಗಿನ ಒಂಬತ್ತಕ್ಕೆ ಒಂದೇ ಜಿಗಿತವಾಗಿ ಕಾಣಿಸುತ್ತದೆ. ನಡುವೆ ಎಲ್ಲಿಯೂ ಹೊರಬರಲು ಅವಕಾಶ ಇರುವುದಿಲ್ಲ. ನಷ್ಟಕ್ಕೆ ಮಿತಿ ಹಾಕಲೆಂದು ಇಟ್ಟ ಸ್ಟಾಪ್ ಲಾಸ್ ಆದೇಶವೂ ಬೆಲೆ ಅದನ್ನು ಹಾರಿ ದಾಟಿದ ಮೇಲೆಯೇ ಜಾರಿಯಾಗುತ್ತದೆ.

ಬೇಸಿಗೆ, ಚಳಿಗಾಲ ಎಂದು ಮತ್ತೆ ಮತ್ತೆ ಹೇಳಬೇಕಾಗಿರುವುದಕ್ಕೆ ಕಾರಣ ಇದೆ. ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತದೆ. ಬ್ರಿಟನ್ ಇದನ್ನೇ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಂದು ಮಾಡುತ್ತದೆ. ಭಾರತ, ಚೀನಾ, ಜಪಾನ್ ಗಡಿಯಾರ ಮುಟ್ಟುವುದಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಲಂಡನ್ನಿಗೂ ನ್ಯೂಯಾರ್ಕಿಗೂ ನಡುವಿನ ಅಂತರ ಐದು ಗಂಟೆಯ ಬದಲು ನಾಲ್ಕು ಗಂಟೆಯಾಗುತ್ತದೆ. ಆ ವಾರಗಳಲ್ಲಿ ಅಮೆರಿಕದ ಅಂಕಿಗಳು ಇಲ್ಲಿ ಸಂಜೆ ಆರಕ್ಕೆ ಬಂದರೂ ಲಂಡನ್ನಿನ ಹರಾಜು ರಾತ್ರಿ ಎಂಟೂವರೆಗೆ ನಡೆಯುತ್ತದೆ. ಎರಡು ಪೇಟೆಗಳೂ ಒಟ್ಟಿಗಿರುವ ಅವಧಿ ಒಂದು ಗಂಟೆ ಹಿಗ್ಗುತ್ತದೆ.

ಹೆಚ್ಚು ವಹಿವಾಟಿನ ಹೊತ್ತಿನ ಚಲನೆಗೂ ಜನವಿಲ್ಲದ ಹೊತ್ತಿನ ಚಲನೆಗೂ ಇರುವ ವ್ಯತ್ಯಾಸ 2021ರ ಆಗಸ್ಟ್‌ನ ಒಂದು ವಾರಾಂತ್ಯದಲ್ಲಿ ಸ್ಪಷ್ಟವಾಗಿ ಕಂಡಿತು. ಆಗಸ್ಟ್ 6, ಶುಕ್ರವಾರ. ಭಾರತದಲ್ಲಿ ಸಂಜೆ ಆರಕ್ಕೆ ಅಮೆರಿಕದ ಉದ್ಯೋಗ ವರದಿ ಬಂತು. ಜುಲೈನಲ್ಲಿ 9,43,000 ಹೊಸ ಉದ್ಯೋಗಗಳು ಸೇರಿದ್ದವು. ಪೇಟೆ ನಿರೀಕ್ಷಿಸಿದ್ದಕ್ಕಿಂತ ಇದು ಹೆಚ್ಚು. ಫೆಡರಲ್ ರಿಸರ್ವ್ ತನ್ನ ಉದಾರ ನೀತಿಯನ್ನು ಬೇಗ ಹಿಂತೆಗೆಯಬಹುದು ಎಂಬ ಲೆಕ್ಕ ಬಲವಾಯಿತು. ಔನ್ಸಿಗೆ 1,800 ಡಾಲರ್ ಆಸುಪಾಸಿನಲ್ಲಿದ್ದ ಚಿನ್ನ ದಿನದ ಕೊನೆಗೆ 1,763ರ ಹತ್ತಿರಕ್ಕೆ ಬಂದಿತ್ತು. ಇದು ದೊಡ್ಡ ಇಳಿಕೆಯೇ, ಆದರೆ ಕಾರಣ ಕಣ್ಣೆದುರಿಗಿತ್ತು. ಲಂಡನ್, ನ್ಯೂಯಾರ್ಕ್, ಮುಂಬೈ ಎಲ್ಲ ತೆರೆದಿದ್ದವು. ಪ್ರತಿ ಮಟ್ಟದಲ್ಲೂ ಕೊಳ್ಳುವವರು ಸಿಗುತ್ತಿದ್ದರು.

ಸೋಮವಾರ ಬೆಳಗಿನ ಜಾವ ಮೂರೂವರೆಗೆ ವಾರದ ವಹಿವಾಟು ಮತ್ತೆ ಶುರುವಾಯಿತು. ಅಂದು ಜಪಾನಿನಲ್ಲಿ ರಜೆ, ಸಿಂಗಪುರದಲ್ಲಿ ರಾಷ್ಟ್ರೀಯ ದಿನದ ರಜೆ. ಶಾಂಘೈ ತೆರೆಯಲು ಇನ್ನೂ ಸಮಯವಿತ್ತು. ನಾಲ್ಕು ಗಂಟೆ ಕಳೆದ ಮೇಲೆ ಕೆಲವೇ ನಿಮಿಷಗಳಲ್ಲಿ ಚಿನ್ನ ನಾಲ್ಕು ಶೇಕಡಾಕ್ಕೂ ಹೆಚ್ಚು ಕುಸಿದು 1,690 ಡಾಲರ್‌ಗಿಂತ ಕೆಳಗಿಳಿಯಿತು. ಅಷ್ಟು ದೊಡ್ಡ ಹೊಸ ಸುದ್ದಿ ಯಾವುದೂ ಇರಲಿಲ್ಲ. ಮಾರುವ ಆದೇಶಗಳು ಬಂದಾಗ ಎದುರಿಗೆ ಕೊಳ್ಳುವ ಆದೇಶಗಳು ತೆಳುವಾಗಿದ್ದವು. ಬೆಲೆ ಇಳಿದಂತೆ ಕೆಳಗಿನ ಮಟ್ಟಗಳಲ್ಲಿ ಇಟ್ಟಿದ್ದ ಸ್ಟಾಪ್ ಲಾಸ್ ಆದೇಶಗಳು ಒಂದರ ಹಿಂದೆ ಒಂದು ಜಾರಿಯಾಗಿ ಮತ್ತಷ್ಟು ಮಾರಾಟವನ್ನು ತಂದವು. ಕೆಲವೇ ಗಂಟೆಗಳಲ್ಲಿ ಬೆಲೆ 1,740ರ ಹತ್ತಿರಕ್ಕೆ ಮರಳಿತು. ವಾರ ಮುಗಿಯುವ ಹೊತ್ತಿಗೆ ಹಿಂದಿನ ಶುಕ್ರವಾರದ ಮಟ್ಟವನ್ನೂ ದಾಟಿತ್ತು. ಬೆಳಗಿನ ಒಂಬತ್ತಕ್ಕೆ ಎಂಸಿಎಕ್ಸ್ ತೆರೆದಾಗ ಆ ಅತಿ ಕೆಳಗಿನ ಬೆಲೆ ಭಾರತದ ಪೇಟೆಗೆ ಸಿಗಲೇ ಇಲ್ಲ.

ಇಂಥ ಎರಡು ಚಲನೆಗಳನ್ನು ಬೇರ್ಪಡಿಸುವ ಗುರುತು ವಹಿವಾಟಿನ ಪ್ರಮಾಣ ಮತ್ತು ಕೊಳ್ಳು-ಮಾರು ಬೆಲೆಗಳ ಅಂತರ. ಸಂಜೆಯ ದೊಡ್ಡ ಚಲನೆಯಲ್ಲಿ ಪ್ರಮಾಣ ಭಾರಿ ಇರುತ್ತದೆ, ಅಂತರ ಸುದ್ದಿಯ ಕೆಲವು ಕ್ಷಣ ಹಿಗ್ಗಿ ಮತ್ತೆ ಕಿರಿದಾಗುತ್ತದೆ. ಬೆಳಗಿನ ಜಾವದ ಚಲನೆಯಲ್ಲಿ ಅಂತರ ಹಿಗ್ಗಿದ್ದು ಹಿಗ್ಗಿಯೇ ಇರುತ್ತದೆ, ಕಡಿಮೆ ಮಾಲು ಕೈಬದಲಾಗಿಯೂ ಬೆಲೆ ದೂರ ಓಡಿರುತ್ತದೆ. ಮೊದಲಿನದು ಬಹಳ ಸಲ ಹೊಸ ಬೆಲೆಯಾಗಿ ನಿಲ್ಲುತ್ತದೆ. ಎರಡನೆಯದು ದೊಡ್ಡ ಪೇಟೆಗಳು ತೆರೆದಾಗ ಪರೀಕ್ಷೆಗೆ ಒಳಗಾಗುತ್ತದೆ.

ಯಾವ ಗಂಟೆಯಲ್ಲಿ ಚಲನೆ ಹೆಚ್ಚು ಎಂಬುದನ್ನು ಯಾರು ಬೇಕಾದರೂ ಅಳೆಯಬಹುದು. ಆರು ತಿಂಗಳ ಗಂಟೆವಾರು ಬೆಲೆಗಳನ್ನು ತೆಗೆದುಕೊಂಡು, ಪ್ರತಿ ಗಂಟೆಯ ಗರಿಷ್ಠ ಬೆಲೆಯಿಂದ ಕನಿಷ್ಠ ಬೆಲೆ ಕಳೆದು, ಒಂದೇ ಗಂಟೆಯ ವ್ಯತ್ಯಾಸಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಸಾಕು. ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಇಡೀ ವರ್ಷವನ್ನು ಭಾರತೀಯ ಸಮಯದಲ್ಲಿ ಒಟ್ಟು ಹಾಕಿದರೆ ಸಂಜೆ ಆರರ ಬೇಸಿಗೆಯ ಏರಿಕೆ ಮತ್ತು ಏಳರ ಚಳಿಗಾಲದ ಏರಿಕೆ ಬೆರೆತು ಎರಡೂ ಮಂಕಾಗುತ್ತವೆ. ಲೆಕ್ಕವನ್ನು ನ್ಯೂಯಾರ್ಕ್ ಸಮಯದಲ್ಲಿ ಮಾಡಿ ಆಮೇಲೆ ಇಲ್ಲಿಗೆ ತಿರುಗಿಸುವುದೇ ಸರಿ. ಇನ್ನೊಂದು, ನಾಲ್ಕಾರು ಅಸಾಧಾರಣ ದಿನಗಳು ಸರಾಸರಿಯನ್ನು ಎಳೆದುಬಿಡುತ್ತವೆ. ಆದ್ದರಿಂದ ಸರಾಸರಿಗಿಂತ ಕ್ರಮದಲ್ಲಿ ನಡುವಿಗೆ ಬರುವ ಮೌಲ್ಯವನ್ನು ನೋಡುವುದು ಮೇಲು. ಮೂರನೆಯದು ಎಂಸಿಎಕ್ಸ್ ಬೆಲೆ ಬಳಸುವವರಿಗೆ. ಅಲ್ಲಿ ಬೆಳಗಿನ ಒಂಬತ್ತರ ಗಂಟೆ ಅತಿ ಚುರುಕಾಗಿ ಕಾಣುತ್ತದೆ, ಆದರೆ ಅದರಲ್ಲಿ ಬಹುಪಾಲು ಹಿಂದಿನ ರಾತ್ರಿ ಹೊರಗೆ ನಡೆದುಹೋದದ್ದು. ಅಲ್ಲದೆ ಹಗಲಿನಲ್ಲಿ ರೂಪಾಯಿ-ಡಾಲರ್ ಪೇಟೆಯೂ ತೆರೆದಿರುವುದರಿಂದ ಚಿನ್ನ ನಿಂತಲ್ಲೇ ನಿಂತಿದ್ದರೂ ಎಂಸಿಎಕ್ಸ್ ಬೆಲೆ ರೂಪಾಯಿಯ ಕಾರಣಕ್ಕೆ ಸರಿಯಬಹುದು.

ಈ ಕೋಷ್ಟಕ ಶಾಶ್ವತವೂ ಅಲ್ಲ. 2024ರ ಮಾರ್ಚ್-ಏಪ್ರಿಲ್‌ನಲ್ಲಿ ಚಿನ್ನ ಹೊಸ ದಾಖಲೆಗಳನ್ನು ಬರೆಯುತ್ತಿದ್ದಾಗ ಶಾಂಘೈನ ವಾಯಿದೆ ವಹಿವಾಟು ಥಟ್ಟನೆ ಏರಿತು, ಏಷ್ಯಾದ ಬೆಳಗಿನ ಹೊತ್ತಿನಲ್ಲೇ ದೊಡ್ಡ ಹೆಜ್ಜೆಗಳು ಕಂಡವು. ಯುದ್ಧದ ಸುದ್ದಿ, ಸುಂಕದ ಘೋಷಣೆಗಳಂಥವು ಗಂಟೆ ನೋಡಿ ಬರುವುದಿಲ್ಲ. ಆದ್ದರಿಂದ ಹಳೆಯ ವರ್ಷಗಳ ಲೆಕ್ಕವನ್ನು ಹಾಗೇ ನಂಬದೆ ಇತ್ತೀಚಿನ ತಿಂಗಳುಗಳದ್ದನ್ನು ಬೇರೆಯಾಗಿ ತೆಗೆದು ನೋಡಬೇಕಾಗುತ್ತದೆ.

ವಾಯಿದೆ ಪೇಟೆಗೆ ಕಾಲಿಡದೆ ಅಂಗಡಿಯಲ್ಲಿ ಆಭರಣ ಕೊಳ್ಳುವವರಿಗೂ ಈ ಗಂಟೆಗಳ ಪರಿಣಾಮ ಮುಟ್ಟುತ್ತದೆ. ಒಂದು ಟ್ರಾಯ್ ಔನ್ಸ್ ಎಂದರೆ 31.1035 ಗ್ರಾಂ. ಔನ್ಸಿಗೆ 20 ಡಾಲರ್ ಏರಿದರೆ ಹತ್ತು ಗ್ರಾಮಿಗೆ ಸುಮಾರು 6.43 ಡಾಲರ್ ಏರಿದಂತೆ. ಡಾಲರ್‌ಗೆ 85 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಸುಮಾರು 547 ರೂಪಾಯಿ, ಅದರ ಮೇಲೆ ಆಮದು ಸುಂಕ. ಚಿನಿವಾರ ಪೇಟೆಯಲ್ಲಿ ದಿನದ ದರ ಸಾಮಾನ್ಯವಾಗಿ ಬೆಳಿಗ್ಗೆ ನಿಗದಿಯಾಗುತ್ತದೆ. ಬೆಲೆ ಜೋರಾಗಿ ಓಡುವ ದಿನಗಳಲ್ಲಿ ಮಾತ್ರ ನಡುವೆ ತಿದ್ದುತ್ತಾರೆ. ಹೀಗಾಗಿ ಸಂಜೆ ಆರರ ನಂತರ ಅಮೆರಿಕದ ಅಂಕಿಗಳಿಂದ ಬೆಲೆ ಕದಲಿದರೂ ಅಂಗಡಿಯ ಫಲಕದಲ್ಲಿ ಬಹುಮಟ್ಟಿಗೆ ಬೆಳಗಿನ ದರವೇ ಇರುತ್ತದೆ, ಬದಲಾವಣೆ ಮರುದಿನದ ದರದಲ್ಲಿ ಸೇರುತ್ತದೆ. ಉದ್ಯೋಗ ವರದಿ ಬರುವುದು ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ. ಆದ್ದರಿಂದ ಅದರ ಪರಿಣಾಮ ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಶನಿವಾರ ಬೆಳಗಿನ ದರದಲ್ಲಿ.